ಅಮಾನತಾದವರ ಅನ್ನದ ಹಕ್ಕು

1985ರ ಜೂನ್ 2ರಂದು ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. ನಾಲ್ಕೂವರೆ ಗ್ರಾಂ ತೂಕದ ಚಿನ್ನದ ಉಂಡೆ ಮತ್ತು ಒಂದೂಕಾಲು ಕಿಲೋದಷ್ಟು ಚಿನ್ನ ಬೆರೆತ ಮರಳು ಸಿಕ್ಕಿತೆಂದು ದೂರು ದಾಖಲಾಯಿತು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಅವರನ್ನು ಅದೇ ದಿನ ಅಮಾನತಿನಲ್ಲಿಟ್ಟು, ಅದರ ಬೆನ್ನಿಗೇ ಆರೋಪ ಪಟ್ಟಿ ಕೊಟ್ಟಿತು. ಕ್ರಿಮಿನಲ್ ಮೊಕದ್ದಮೆ ಮುಗಿಯುವವರೆಗೆ ಇಲಾಖಾ ವಿಚಾರಣೆ ತಡೆಯಿರಿ ಎಂದು ಅವರು ಕೇಳಿಕೊಂಡರೂ ಸಂಸ್ಥೆ ಒಪ್ಪಲಿಲ್ಲ. ಅವರು ಕೇರಳದ ತಮ್ಮ ಊರಿನಲ್ಲಿದ್ದರು. ಅಮಾನತಿನ ಕಾಲದಲ್ಲಿ ಸಿಗಬೇಕಿದ್ದ ಜೀವನಾಧಾರ ಭತ್ಯೆ ಕೈಗೆ ಬಂದಿರಲಿಲ್ಲ, ಮೈಯಲ್ಲಿ ಆರೋಗ್ಯವೂ ಇರಲಿಲ್ಲ. ವಿಚಾರಣೆ ಅವರ ಗೈರುಹಾಜರಿಯಲ್ಲೇ ಮುಗಿದು, 1986ರ ಜೂನ್‌ನಲ್ಲಿ ವಜಾ ಆದೇಶ ಹೊರಟಿತು. ಮರುವರ್ಷ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿದರೂ ಸಂಸ್ಥೆ ಮರಳಿ ಸೇರಿಸಿಕೊಳ್ಳಲಿಲ್ಲ.

1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎರಡೂ ಕಡೆ ಇದ್ದದ್ದು ಅದೇ ದಾಳಿ, ಅವೇ ಸಾಕ್ಷ್ಯಗಳು. ಒಂದು ಕಡೆ ಅವು ನಿಲ್ಲದಿರುವಾಗ ಇನ್ನೊಂದು ಕಡೆ ಏಕಪಕ್ಷೀಯವಾಗಿ ಬಂದ ತೀರ್ಮಾನವನ್ನು ಉಳಿಸುವುದು ನ್ಯಾಯವಲ್ಲ ಎಂಬುದು ಒಂದು ಕಾರಣ. ಭತ್ಯೆ ಕೊಡದೆ ನಡೆಸಿದ ವಿಚಾರಣೆಯೇ ಕೆಟ್ಟಿತು ಎಂಬುದು ಇನ್ನೊಂದು. ಅಮಾನತಾದವನೂ ನೌಕರನೇ, ಅವನಿಗೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಇದೆ. ಹೊಟ್ಟೆಗಿಲ್ಲದಂತೆ ಮಾಡಿ ವಿಚಾರಣೆಗೆ ಬಾ ಎಂದರೆ ತನ್ನನ್ನು ಸಮರ್ಥಿಸಿಕೊಳ್ಳುವ ಅವಕಾಶವನ್ನೇ ಕಿತ್ತುಕೊಂಡ ಹಾಗೆ ಎಂಬುದು ನ್ಯಾಯಾಲಯದ ನಿಲುವು. ಮರುನೇಮಕದ ಜತೆಗೆ ಅಮಾನತಿನ ದಿನದಿಂದ ಪೂರ್ಣ ಬಾಕಿ ಸಂಬಳ ಕೊಡಲು ಆದೇಶವಾಯಿತು. ಆ ಹೊತ್ತಿಗೆ ಸುಮಾರು ಹದಿನಾಲ್ಕು ವರ್ಷ ಕಳೆದಿತ್ತು.

ಒಂದು ಪುಟದ ಅಮಾನತು ಆದೇಶವನ್ನು ಈ ತೀರ್ಪಿನ ಬೆಳಕಿನಲ್ಲಿ ಓದಬೇಕು. ವಿಚಾರಣೆಗೆ ಕಾದಿರಿಸಿದ ಅಮಾನತು ಶಿಕ್ಷೆಯಲ್ಲ. ಕಡತ ತಿದ್ದದಂತೆ, ಸಾಕ್ಷಿಗಳ ಮೇಲೆ ಒತ್ತಡ ಬೀಳದಂತೆ ನೌಕರರನ್ನು ಕೆಲಸದ ಜಾಗದಿಂದ ದೂರವಿಡುವ ಏರ್ಪಾಡು ಅದು. ಆದ್ದರಿಂದಲೇ ಸಂಬಳ ನಿಂತರೂ ನೌಕರಿಯ ಸಂಬಂಧ ಕಡಿಯುವುದಿಲ್ಲ. ಕಡಿಯದ ಆ ಸಂಬಂಧದಿಂದಲೇ ಒಂದು ಕಡೆ ಭತ್ಯೆಯ ಹಕ್ಕು, ಇನ್ನೊಂದು ಕಡೆ ನಡತೆಯ ಕಟ್ಟಳೆ ಹುಟ್ಟುತ್ತವೆ.

ಭತ್ಯೆಯ ಲೆಕ್ಕ

ಧಾರವಾಡದ ಅಂಚೆ ಸಹಾಯಕರೊಬ್ಬರು ಜೂನ್ 10ರಂದು ಅಮಾನತಾದರು ಎಂದಿಟ್ಟುಕೊಳ್ಳೋಣ. ಅವರು ಕೇಂದ್ರ ಸರ್ಕಾರದ ನೌಕರರಾದ್ದರಿಂದ ಮೂಲಭೂತ ನಿಯಮಗಳ 53ನೇ ನಿಯಮ ಅನ್ವಯಿಸುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ ಇದೇ ಕೆಲಸ ಮಾಡುವುದು ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ 98ನೇ ನಿಯಮ.

ಅಂಚೆ ಸಹಾಯಕರ ಮೂಲವೇತನ 40,000 ರೂಪಾಯಿ, ತುಟ್ಟಿಭತ್ಯೆ ಶೇ. 50, ಮನೆ ಬಾಡಿಗೆ ಭತ್ಯೆ 8,000 ಎಂದು ಹಿಡಿಯೋಣ. ಕೆಲಸದಲ್ಲಿದ್ದಾಗ ಈ ಮೂರೂ ಸೇರಿ 68,000 ಬರುತ್ತಿತ್ತು. ಅಮಾನತಿನ ಮೊದಲ ಮೂರು ತಿಂಗಳು, ಅವರು ಅರ್ಧವೇತನ ರಜೆಯ ಮೇಲೆ ಹೋಗಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು ಜೀವನಾಧಾರ ಭತ್ಯೆ ಸಿಗಬೇಕು, ಅಂದರೆ 20,000. ಅದರ ಮೇಲಿನ ತುಟ್ಟಿಭತ್ಯೆ 10,000. ಮನೆ ಬಾಡಿಗೆ ಭತ್ಯೆ ಮಾತ್ರ ಅರ್ಧವಾಗುವುದಿಲ್ಲ. ಅಮಾನತಾದ ದಿನ ಪಡೆಯುತ್ತಿದ್ದ ವೇತನದ ಮೇಲೆಯೇ ಅದರ ಲೆಕ್ಕ, ಹಾಗಾಗಿ 8,000 ಹಾಗೆಯೇ ಉಳಿಯುತ್ತದೆ. ಒಟ್ಟು 38,000. ಬಾಡಿಗೆ ಭತ್ಯೆಯನ್ನೂ ಅರ್ಧ ಮಾಡಿ ಬಿಲ್ಲು ತಯಾರಿಸಿದ್ದರೆ ಕೂಡಲೇ ಲಿಖಿತವಾಗಿ ಕೇಳಬೇಕು.

ಮೂರು ತಿಂಗಳು ದಾಟಿದ ಮೇಲೆ ಭತ್ಯೆಯನ್ನು ಮರುಪರಿಶೀಲಿಸಬೇಕು. ವಿಳಂಬಕ್ಕೆ ನೌಕರರು ಕಾರಣರಲ್ಲದಿದ್ದರೆ ಮೊದಲಿನ ಭತ್ಯೆಯ ಅರ್ಧದವರೆಗೆ ಹೆಚ್ಚಿಸಬಹುದು: 30,000, ತುಟ್ಟಿಭತ್ಯೆ 15,000, ಬಾಡಿಗೆ 8,000, ಒಟ್ಟು 53,000. ನೌಕರರೇ ನೆಪ ಹೇಳಿ ವಿಚಾರಣೆ ಎಳೆಯುತ್ತಿದ್ದರೆ ಅಷ್ಟೇ ಪ್ರಮಾಣದಲ್ಲಿ ಇಳಿಸಲೂಬಹುದು: 10,000, ತುಟ್ಟಿಭತ್ಯೆ 5,000, ಬಾಡಿಗೆ 8,000, ಒಟ್ಟು 23,000. ಈ ಎರಡರ ನಡುವೆ 30,000 ರೂಪಾಯಿಯ ಅಂತರವಿದೆ, ಅದನ್ನು ನಿರ್ಧರಿಸುವುದು ತಡ ಯಾರಿಂದಾಯಿತು ಎಂಬ ಒಂದೇ ಪ್ರಶ್ನೆ. ಆದ್ದರಿಂದ ವಿಚಾರಣೆಯ ನೋಟಿಸು ಎಂದು ಬಂತು, ತಾನು ಯಾವ ದಿನ ಹಾಜರಾದೆ, ಮುಂದೂಡಿಕೆ ಯಾರು ಕೇಳಿದರು ಎಂಬುದನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಬೇಕು. ಹೆಚ್ಚಳ ತಾನಾಗಿಯೇ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಆದೇಶ ಬೇಕು. ಮೂರನೆಯ ತಿಂಗಳು ಮುಗಿಯುತ್ತಿದ್ದಂತೆ ಈ ವಿವರಗಳೊಂದಿಗೆ ಅರ್ಜಿ ಕೊಡುವುದು ಜಾಣತನ.

ಕಡಿತಗಳಲ್ಲೂ ಮಿತಿಯಿದೆ. ಆದಾಯ ತೆರಿಗೆ, ಸರ್ಕಾರಿ ವಸತಿಯ ಬಾಡಿಗೆ, ಸರ್ಕಾರದಿಂದ ಪಡೆದ ಸಾಲದ ಕಂತುಗಳನ್ನು ಕಚೇರಿ ಕಡಿಯಬಹುದು. ಜೀವವಿಮೆಯ ಕಂತು, ಸಹಕಾರ ಸಂಘದ ಬಾಕಿಗಳನ್ನು ನೌಕರರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಕಡಿಯಬೇಕು. ಸಾಮಾನ್ಯ ಭವಿಷ್ಯ ನಿಧಿಯ ವಂತಿಗೆ, ನ್ಯಾಯಾಲಯದ ಜಪ್ತಿ ಮೊತ್ತ, ಸರ್ಕಾರಕ್ಕೆ ಆದ ನಷ್ಟದ ವಸೂಲಿ ಇವನ್ನು ಭತ್ಯೆಯಿಂದ ಕಡಿಯುವಂತಿಲ್ಲ. ಹಣ ದುರುಪಯೋಗದ ಆರೋಪವಿದ್ದಾಗ ಆ ಮೊತ್ತವನ್ನು ಈ ಭತ್ಯೆಯಲ್ಲೇ ಹಿಡಿದುಕೊಳ್ಳಲು ಕಚೇರಿ ಮುಂದಾದರೆ, ಇನ್ನೂ ಸಾಬೀತಾಗದ ತಪ್ಪಿಗೆ ಆಗಲೇ ದಂಡ ವಿಧಿಸಿದಂತಾಗುತ್ತದೆ.

ತಿಂಗಳಿಗೊಂದು ಪ್ರಮಾಣಪತ್ರ

ಭತ್ಯೆ ಪಡೆಯಲು ಪ್ರತಿ ತಿಂಗಳು ಒಂದು ಪ್ರಮಾಣಪತ್ರ ಸಲ್ಲಿಸಬೇಕು: ಈ ಅವಧಿಯಲ್ಲಿ ನಾನು ಬೇರೆ ಯಾವ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲೂ ತೊಡಗಿಲ್ಲ ಎಂದು. ಬಹಳ ಜನ ಎಡವುವುದು ಇಲ್ಲೇ. ಬೇಸರದಲ್ಲೋ ಸಿಟ್ಟಿನಲ್ಲೋ ಎರಡು ತಿಂಗಳು ಕೊಡದೆ ಬಿಟ್ಟರೆ ಕಚೇರಿಗೆ ಹಣ ತಡೆಯಲು ನಿಯಮದ ಬಲ ಸಿಕ್ಕಿಬಿಡುತ್ತದೆ. ಆಮೇಲೆ ಹಣವಿಲ್ಲದೆ ವಿಚಾರಣೆಗೆ ಬರಲಾಗಲಿಲ್ಲ ಎಂದರೆ ಆ ಮಾತಿಗೆ ತೂಕ ಉಳಿಯುವುದಿಲ್ಲ. ಪ್ರಮಾಣಪತ್ರವನ್ನು ಖುದ್ದಾಗಿ ಕೊಟ್ಟರೆ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯಬೇಕು, ಕಳಿಸುವುದಾದರೆ ಅಂಚೆ ರಸೀದಿ ಇಟ್ಟುಕೊಳ್ಳಬೇಕು.

ಪತ್ರದಲ್ಲಿ ಬರೆದದ್ದು ನಿಜವೂ ಆಗಿರಬೇಕು. ಸಂಸಾರ ತೂಗಿಸಲು ನೆಂಟರ ಅಂಗಡಿಯಲ್ಲಿ ಸಂಬಳಕ್ಕೆ ಕೂತರೆ, ವಿಮೆ ಮಾರಿ ಕಮಿಷನ್ ಪಡೆದರೆ, ಹಳೆಯ ಆರೋಪದ ಜತೆಗೆ ಸುಳ್ಳು ಪ್ರಮಾಣಪತ್ರದ ಹೊಸ ಆರೋಪವೂ ಸೇರುತ್ತದೆ. ಹಳೆಯದು ಬಿದ್ದುಹೋದರೂ ಹೊಸದು ಉಳಿದುಕೊಳ್ಳುತ್ತದೆ.

ಎಲ್ಲಿರಬೇಕು, ಹೇಗಿರಬೇಕು

ಅಮಾನತು ಆದೇಶದಲ್ಲಿ ಕೇಂದ್ರಸ್ಥಾನ ಯಾವುದೆಂದು ನಮೂದಿಸಿರುತ್ತಾರೆ. ಪೂರ್ವಾನುಮತಿ ಇಲ್ಲದೆ ಅಲ್ಲಿಂದ ಹೊರಹೋಗುವಂತಿಲ್ಲ ಎಂಬ ಸಾಲೂ ಇರುತ್ತದೆ. ಧಾರವಾಡದ ನಮ್ಮ ನೌಕರರು ತಾಯಿಯ ಚಿಕಿತ್ಸೆಗೆ ಮಂಗಳೂರಿಗೆ ಹೋಗಬೇಕಾದರೆ ದಿನಾಂಕ, ಕಾರಣ, ಅಲ್ಲಿನ ವಿಳಾಸ, ಫೋನ್ ನಂಬರು ಬರೆದು ಮೊದಲೇ ಅನುಮತಿ ಕೇಳಬೇಕು. ಇದು ರಜೆಯ ಅರ್ಜಿಯಲ್ಲ. ಅಮಾನತಿನಲ್ಲಿರುವವರಿಗೆ ಯಾವ ರಜೆಯೂ ಮಂಜೂರಾಗುವುದಿಲ್ಲ. ಇದು ಊರು ಬಿಡಲು ಕೇಳುವ ಅನುಮತಿ ಮಾತ್ರ. ಉತ್ತರ ಬರುವ ಮುಂಚೆ ಹೊರಟುಹೋದರೆ, ಆ ಅವಧಿಯಲ್ಲೇ ಬಂದ ವಿಚಾರಣೆಯ ನೋಟಿಸು ಬೀಗ ಹಾಕಿದ ಮನೆಯಿಂದ ಮರಳಿ ಹೋಗಬಹುದು. ಏಕಪಕ್ಷೀಯ ವಿಚಾರಣೆಗೆ ದಾರಿಯಾಗುವುದು ಎಷ್ಟೋ ಸಲ ಹೀಗೆ ಮರಳಿದ ಲಕೋಟೆಯಿಂದಲೇ.

ಹಾಗೆಂದು ದಿನವೂ ಕಚೇರಿಗೆ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಕೇಂದ್ರ ನೌಕರರ ಅಮಾನತಿನ ಷರತ್ತಲ್ಲ. ಕೆಲಸದಿಂದ ದೂರವಿಟ್ಟ ಮೇಲೆ ದಿನದ ಹಾಜರಿಗೆ ಅರ್ಥವಿಲ್ಲ. ಕರೆದಾಗ ಬರಬೇಕು, ನೋಟಿಸು ಸ್ವೀಕರಿಸಬೇಕು, ವಿಳಾಸ ಬದಲಾದರೆ ತಿಳಿಸಬೇಕು.

ನಡತೆ ನಿಯಮಗಳೂ ಬಿಟ್ಟುಹೋಗುವುದಿಲ್ಲ. ಅಮಾನತಿನಲ್ಲಿದ್ದರೂ ಪತ್ರಿಕೆಗಳಿಗೆ ಕಚೇರಿಯ ಕಡತ ಕೊಡುವುದು, ರಾಜಕೀಯ ಪಕ್ಷದ ಕೆಲಸಕ್ಕೆ ಇಳಿಯುವುದು ಮೊದಲಿನಷ್ಟೇ ತಪ್ಪು. ಸಾಕ್ಷಿಗಳಾಗಬಹುದಾದ ಸಹೋದ್ಯೋಗಿಗಳಿಗೆ ಫೋನ್ ಮಾಡಿ ಪ್ರಕರಣದ ಮಾತೆತ್ತಬಾರದು. ಅಮಾನತು ಮಾಡಿದ್ದೇ ಇದನ್ನು ತಡೆಯಲು. ಅಂಥ ಒಂದು ಕರೆ ಸಾಕು, ಅಮಾನತು ಮುಂದುವರಿಸಲು ಕಾರಣ ಸಿಗುತ್ತದೆ. ದಾಖಲೆ ಬೇಕಿದ್ದರೆ ವಿಚಾರಣಾಧಿಕಾರಿಗೆ ಅರ್ಜಿ ಬರೆಯುವುದೇ ಸರಿಯಾದ ದಾರಿ.

ಎಷ್ಟು ದಿನ?

ಕೇಂದ್ರ ನೌಕರರ ಅಮಾನತನ್ನು 90 ದಿನಗಳೊಳಗೆ ಪರಿಶೀಲಿಸಿ ಮುಂದುವರಿಸುವ ಆದೇಶ ಹೊರಡಿಸದಿದ್ದರೆ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಒಂದು ಬಾರಿಗೆ 180 ದಿನ ಮೀರಿ ವಿಸ್ತರಿಸುವಂತೆಯೂ ಇಲ್ಲ. ನಮ್ಮ ಅಂಚೆ ಸಹಾಯಕರ ಮಟ್ಟಿಗೆ ಸೆಪ್ಟೆಂಬರ್ ಮೊದಲ ವಾರ ನಿರ್ಣಾಯಕ. 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಯಬಾರದು, ಕೊಟ್ಟಿದ್ದರೆ ಕಾರಣ ಬರೆದು ಆದೇಶ ಮಾಡಬೇಕು ಎಂದಿತು. ಅಮಾನತಿನ ವಿರುದ್ಧ ಮೇಲ್ಮನವಿ ಸಲ್ಲಿಸಲು ಆದೇಶದ ಪ್ರತಿ ಕೈಸೇರಿದಂದಿನಿಂದ 45 ದಿನಗಳ ಅವಕಾಶವಿದೆ.

ಕಾರ್ಖಾನೆ ಕಾರ್ಮಿಕರಿಗೆ ಬೇರೆ ಕಾನೂನು. ಮೊದಲ 90 ದಿನ ವೇತನದ ಶೇ. 50, ನಂತರ ವಿಳಂಬ ಕಾರ್ಮಿಕರಿಂದಾಗದಿದ್ದರೆ ಶೇ. 75 ಎಂಬ ಸೂತ್ರ 1946ರ ಸ್ಥಾಯೀ ಆದೇಶಗಳ ಕಾಯ್ದೆಯಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಬಂದಿದೆ.

ಅಮಾನತು ತೆರವಾದ ದಿನಕ್ಕೇ ಎಲ್ಲ ಮುಗಿಯುವುದಿಲ್ಲ. ಆ ಅವಧಿಯನ್ನು ಕರ್ತವ್ಯ ಎಂದು ಎಣಿಸಬೇಕೇ, ಪೂರ್ಣ ಸಂಬಳ ಕೊಡಬೇಕೇ ಎಂಬುದಕ್ಕೆ ಪ್ರತ್ಯೇಕ ಆದೇಶವಾಗಬೇಕು. ಅಮಾನತು ಸಂಪೂರ್ಣ ಅಸಮರ್ಥನೀಯ ಎಂದು ಕಂಡರೆ, ಪಡೆದ ಭತ್ಯೆ ಕಳೆದು ಉಳಿದ ಸಂಬಳವೆಲ್ಲ ಬರಬೇಕು. ದೊಡ್ಡ ದಂಡನೆಯ ವಿಚಾರಣೆ ಕೊನೆಗೆ ವಾಗ್ದಂಡನೆಯಂಥ ಸಣ್ಣ ದಂಡನೆಯಲ್ಲಿ ಮುಗಿದರೂ ಹಾಗೆಯೇ ನೋಡಬೇಕೆಂದು ಕೇಂದ್ರ ಸರ್ಕಾರ 1985ರಲ್ಲೇ ಸೂಚಿಸಿದೆ. ಪೂರ್ಣಕ್ಕಿಂತ ಕಡಿಮೆ ಕೊಡುವುದಾದರೆ ಮೊದಲು ನೋಟಿಸು ಕೊಟ್ಟು ನೌಕರರ ಮಾತು ಕೇಳಬೇಕು. ಪಿಂಚಣಿಗೆ ಸೇವಾವಧಿ ಎಣಿಸುವಾಗಲೂ ನೋಡುವುದು ಈ ಆದೇಶವನ್ನೇ. ಆದ್ದರಿಂದ ಕೆಲಸಕ್ಕೆ ಮರಳಿದ ಸಂತಸದಲ್ಲಿ ಇದನ್ನು ಮರೆಯದೆ, ಆದೇಶ ಹೊರಬಿದ್ದು ಸೇವಾ ಪುಸ್ತಕದಲ್ಲಿ ದಾಖಲಾಗುವವರೆಗೂ ಬೆನ್ನುಹತ್ತಬೇಕು.