ಒಂದೇ ಸರ್ಕ್ಯೂಟಿನಿಂದ ಮೂರು ಫಿಲ್ಟರ್

ಸ್ಟೇಟ್-ವೇರಿಯಬಲ್ ಫಿಲ್ಟರಿನಲ್ಲಿ ಒಂದು ಕೂಡಿಸುವ ಆಂಪ್ಲಿಫೈಯರ್ ಮತ್ತು ಅದರ ಹಿಂದೆ ಸಾಲಾಗಿ ಎರಡು ಇಂಟಿಗ್ರೇಟರ್‌ಗಳಿರುತ್ತವೆ. 1967ರಲ್ಲಿ ಕರ್ವಿನ್, ಹ್ಯೂಲ್ಸ್‌ಮನ್ ಮತ್ತು ನ್ಯೂಕಾಂಬ್ ಪ್ರಕಟಿಸಿದ ರೂಪ ಇದು. ಮೊದಲ ಆಂಪ್ಲಿಫೈಯರಿನಲ್ಲಿ ಹೈ-ಪಾಸ್, ಮೊದಲ ಇಂಟಿಗ್ರೇಟರಿನಲ್ಲಿ ಬ್ಯಾಂಡ್-ಪಾಸ್, ಎರಡನೆಯದರಲ್ಲಿ ಲೋ-ಪಾಸ್ ಸಿಗುತ್ತದೆ. ಇಂಟಿಗ್ರೇಟರ್ ಆವರ್ತನ ಏರಿದಷ್ಟೂ ಸಂಕೇತವನ್ನು ಕುಗ್ಗಿಸುವುದೇ ಇದಕ್ಕೆ ಕಾರಣ.

ಇಂಟಿಗ್ರೇಟರ್‌ಗಳ ರೆಸಿಸ್ಟರ್ 10 ಕಿಲೋಓಮ್, ಕೆಪಾಸಿಟರ್ 10 ನ್ಯಾನೋಫ್ಯಾರಡ್ ಆದರೆ ಮಧ್ಯದ ಆವರ್ತನ ಸುಮಾರು 1592 ಹರ್ಟ್ಸ್. ಎರಡೂ ರೆಸಿಸ್ಟರ್‌ಗಳನ್ನು ಜೋಡಿ ಪೊಟೆನ್ಶಿಯೋಮೀಟರಿನಿಂದ ಒಟ್ಟಿಗೆ 5 ಕಿಲೋಓಮಿಗೆ ಇಳಿಸಿದರೆ ಆವರ್ತನ ಇಮ್ಮಡಿಯಾಗುತ್ತದೆ, ಗುಣಾಂಕ Q ಮಾತ್ರ ಕದಲುವುದಿಲ್ಲ. ಜೋಡಿಯ ಎರಡು ಭಾಗಗಳು ಸರಿಹೊಂದದಿದ್ದರೆ Q ಸ್ವಲ್ಪ ಜಾರುತ್ತದೆ.

Q ಅನ್ನು ನಿರ್ಧರಿಸುವುದು ಬ್ಯಾಂಡ್-ಪಾಸ್ ಸಂಕೇತದ ಎಷ್ಟು ಪಾಲು ಮೊದಲ ಆಂಪ್ಲಿಫೈಯರಿಗೆ ಮರಳುತ್ತದೆ ಎಂಬುದು. ಅಲ್ಲಿನ ಉಳಿದ ರೆಸಿಸ್ಟರ್‌ಗಳು ಸಮವಾಗಿದ್ದು, ಸಂಕೇತ ಇನ್ವರ್ಟಿಂಗ್ ಕಡೆಯಿಂದ ಬಂದರೆ, 29 ಕಿಲೋಓಮ್ ಮತ್ತು 1 ಕಿಲೋಓಮ್ ವಿಭಾಜಕ ಹಿಂತಿರುಗಿಸುವುದು ಮೂವತ್ತರಲ್ಲಿ ಒಂದು ಪಾಲು. ಆಗ Q 10.

ಎಡವುವುದು ಇಲ್ಲಿಯೇ. ಮಧ್ಯದ ಆವರ್ತನದಲ್ಲಿ ಈ ಸರ್ಕ್ಯೂಟ್ ಸಂಕೇತವನ್ನು ಹತ್ತು ಪಟ್ಟು ಹಿಗ್ಗಿಸುತ್ತದೆ. 12 ವೋಲ್ಟ್ ಜೋಡಿ ಪೂರೈಕೆಯಲ್ಲಿ 2 ವೋಲ್ಟ್ ಕೊಟ್ಟರೆ ಅಲೆಯ ತುದಿಗಳು ಚಪ್ಪಟೆಯಾಗುವುದು ಆಸಿಲೋಸ್ಕೋಪಿನಲ್ಲಿ ಕಾಣುತ್ತದೆ. ಅರ್ಧ ವೋಲ್ಟ್ ಸುರಕ್ಷಿತ. ಆವರ್ತನ ಬಹಳ ಏರಿಸಿದಾಗ ಆಪ್-ಆಂಪ್‌ನ ವಿಳಂಬದಿಂದ Q ತಾನಾಗಿ ಹೆಚ್ಚಿ, ಕೊನೆಗೆ ಫಿಲ್ಟರ್ ತನ್ನಷ್ಟಕ್ಕೇ ಆಂದೋಲಿಸತೊಡಗಬಹುದು.