ಒಂಬತ್ತು ದಿನಕ್ಕೆ ಸಾವಿರದ ಇನ್ನೂರು

ಕಾರು ಮಾರಿದವರು ವಿಮೆಯನ್ನು ನಡುವೆಯೇ ರದ್ದು ಮಾಡಿಸಲು ಹೋದಾಗ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ: ಮೂರು ತಿಂಗಳು ಕಳೆದಿದೆ, ಒಂಬತ್ತು ತಿಂಗಳ ಹಣ ವಾಪಸ್ ಬರಬೇಕು. ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಇದಕ್ಕೆ ಕಾರಣ ಅಲ್ಪಾವಧಿ ದರಪಟ್ಟಿ. 2002ರ ಭಾರತೀಯ ಮೋಟಾರು ಸುಂಕಪಟ್ಟಿಯಲ್ಲಿ ಇದು ಹೀಗಿತ್ತು: ಪಾಲಿಸಿ ಒಂದು ತಿಂಗಳೊಳಗೆ ರದ್ದಾದರೆ ಕಂಪನಿ ವರ್ಷದ ಪ್ರೀಮಿಯಂನಲ್ಲಿ ಶೇ 20 ಇಟ್ಟುಕೊಳ್ಳುತ್ತಿತ್ತು. ಆಮೇಲೆ ತಿಂಗಳಿಗೆ ಶೇ 10ರಂತೆ ಏರುತ್ತಿತ್ತು. ಎಂಟು ತಿಂಗಳು ದಾಟಿದರೆ ಒಂದು ಪೈಸೆಯೂ ವಾಪಸ್ ಇರಲಿಲ್ಲ.

ಒಂದು ಲೆಕ್ಕ ನೋಡೋಣ. ತೆರಿಗೆ ಬಿಟ್ಟು 12,000 ರೂಪಾಯಿ ಪ್ರೀಮಿಯಂ, ಪಾಲಿಸಿ ಶುರುವಾದದ್ದು ಏಪ್ರಿಲ್ 1ಕ್ಕೆ. ಜುಲೈ 9ರವರೆಗೆ ನಡೆದು ರದ್ದಾಯಿತು, ಅಂದರೆ 100 ದಿನ. ದಿನದ ಲೆಕ್ಕದಲ್ಲಿ ಉಳಿದ 265 ದಿನಕ್ಕೆ 8,712 ರೂಪಾಯಿ ಬರಬೇಕು. ಪಟ್ಟಿಯ ಪ್ರಕಾರ ನಾಲ್ಕನೇ ತಿಂಗಳಿಗೆ ಕಾಲಿಟ್ಟಾಗಿದೆ, ಅರ್ಧ ಕಂಪನಿಗೆ ಹೋಗಿ ಬರುವುದು 6,000. ಜೂನ್ 30ಕ್ಕೇ ರದ್ದಾಗಿದ್ದರೆ 7,200 ಸಿಗುತ್ತಿತ್ತು. ಒಂಬತ್ತು ದಿನ ತಡವಾದದ್ದಕ್ಕೆ 1,200 ಹೋಯಿತು, ಏಕೆಂದರೆ ಪಟ್ಟಿಗೆ ತಿಂಗಳಷ್ಟೇ ಗೊತ್ತು, ದಿನ ಗೊತ್ತಿಲ್ಲ.

ಇದು ಬರೀ ದುರಾಸೆಯಲ್ಲ. ಏಜೆಂಟರ ಕಮಿಷನ್, ವಾಹನದ ತಪಾಸಣೆ, ಪಾಲಿಸಿ ಹೊರಡಿಸುವ ಖರ್ಚು ಇವೆಲ್ಲ ಮೊದಲ ದಿನವೇ ಆಗಿಹೋಗಿರುತ್ತವೆ. ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. ಅಪಾಯ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ನದಿಯ ದಂಡೆಯ ಗೋದಾಮಿನ ಮಾಲೀಕ ಮಳೆಗಾಲಕ್ಕೆ ಮುಂಚೆ ವಿಮೆ ಮಾಡಿಸಿ, ನೆರೆ ಇಳಿದ ಮೇಲೆ ರದ್ದು ಮಾಡಿದರೆ, ದಿನದ ಲೆಕ್ಕದಲ್ಲಿ ಅಪಾಯದ ನಾಲ್ಕು ತಿಂಗಳನ್ನು ಮೂರನೇ ಒಂದು ಪಾಲು ಹಣಕ್ಕೆ ದಾಟಿಸಿಕೊಂಡಂತೆ. ಆ ಹೊರೆ ವರ್ಷಪೂರ್ತಿ ಪಾಲಿಸಿ ಇಟ್ಟುಕೊಂಡವರ ಮೇಲೆ ಬೀಳುತ್ತದೆ. ಆದರೆ ಕಾರು ಮಾರಿದವರಿಗೂ ಅದೇ ಕತ್ತರಿ ಹಾಕುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆ ಇದನ್ನು ಬದಲಿಸಿತು. ಒಂದು ವರ್ಷದವರೆಗಿನ ಪಾಲಿಸಿಯನ್ನು ಗ್ರಾಹಕರು ಕಾರಣ ಹೇಳದೆ ರದ್ದು ಮಾಡಿಸಬಹುದು. ಕ್ಲೇಮ್ ಆಗಿಲ್ಲದಿದ್ದರೆ ಉಳಿದ ಅವಧಿಯ ಹಣ ಅದೇ ಪ್ರಮಾಣದಲ್ಲಿ ವಾಪಸ್ ಬರಬೇಕು. ಕ್ಲೇಮ್ ಮಾಡಿದ್ದರೆ ಆ ಹಕ್ಕು ಇಲ್ಲ. ಥರ್ಡ್ ಪಾರ್ಟಿ ವಿಮೆ ಕಾನೂನಿನ ಕಡ್ಡಾಯವಾದ್ದರಿಂದ, ಆ ವಾಹನಕ್ಕೆ ಬೇರೆ ಪಾಲಿಸಿ ಇದೆ ಎಂದು ತೋರಿಸದೆ ಅದನ್ನು ಕೈಬಿಡುವುದು ಕಷ್ಟ.

ಹಾಗಾಗಿ ರದ್ದತಿ ಅರ್ಜಿ ಕೊಟ್ಟಾಗ ಲೆಕ್ಕದ ಹಾಳೆಯನ್ನೂ ಬರಹದಲ್ಲಿ ಕೇಳಿ. ಕಡಿತ ಶೇ 20, 30, 40 ಎಂದು ದುಂಡು ಅಂಕಿಯಲ್ಲಿದ್ದರೆ ಹಳೆಯ ಪಟ್ಟಿ ಹಾಕಿದ್ದಾರೆಂದು ಅನುಮಾನಿಸಬಹುದು. ಪ್ರೀಮಿಯಂ ಅನ್ನು 365ರಿಂದ ಭಾಗಿಸಿ, ಉಳಿದ ದಿನಗಳಿಂದ ಗುಣಿಸಿ, ಅವರ ಅಂಕಿಯ ಪಕ್ಕದಲ್ಲಿ ಬರೆದು ತೋರಿಸಿ.