ಬೀಳ್ಕೊಡುಗೆ ಮಾತು: ಪುಟದ ತುಂಬ ಇರುವುದೆಲ್ಲ ವೇದಿಕೆಗೆ ಬೇಡ

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಶಾಲು, ಹಾರ, ಮೈಸೂರು ಪೇಟಗಳಿಗೆ ಬಿಡುವಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರಿಂದ ಜೂನ್ 1 ಎಂದು ಹುಟ್ಟಿದ ದಿನ ಬರೆಸಿಕೊಂಡವರು 60 ತುಂಬುವ ಮುನ್ನಾದಿನ ಸಾಲುಸಾಲಾಗಿ ನಿವೃತ್ತರಾಗುತ್ತಾರೆ. ಭಾಷಣದ ಹೊಣೆ ಹೊತ್ತವರು ಈಗ ಸಹೋದ್ಯೋಗಿಗಳ ಮುಂದೆ ಒಂದು ಖಾಲಿ ಪುಟವಿಟ್ಟು, ತೋಚಿದ್ದನ್ನು ಬರೆಯಿರಿ ಎನ್ನುತ್ತಾರೆ. ಪುಟ ತುಂಬುತ್ತದೆ. ಅದನ್ನು ಮೇಲಿಂದ ಕೆಳಗೆ ಓದಿಬಿಟ್ಟರೆ ಮಾತ್ರ ಭಾಷಣ ಕೆಡುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತರೊಬ್ಬರ ಬೀಳ್ಕೊಡುಗೆ ಎಂದುಕೊಳ್ಳೋಣ. ಪುಟದಲ್ಲಿ ‘ಸದಾ ಹಸನ್ಮುಖಿ’, ‘ಸರಳ ಸಜ್ಜನ’, ‘ಅಜಾತಶತ್ರು’ ಇವೆ. ಒಬ್ಬರು ‘ಸರ್ವೆ ನಂಬರ್ ಹೇಳಿ ಮುಗಿಸುವ ಮೊದಲೇ ಕಟ್ಟು ಇಳಿಸುತ್ತಿದ್ದರು’ ಎಂದಿದ್ದಾರೆ; ಇನ್ನೊಬ್ಬರು ‘ಸೂರು ಸೋರಿದಾಗ ಕಡತಗಳಿಗೆ ಟಾರ್ಪಾಲ್ ಹೊದಿಸಲು ಭಾನುವಾರ ಬಂದಿದ್ದರು’ ಎಂದಿದ್ದಾರೆ. ಮೊದಲ ಮೂರು ಮಾತು ಯಾವ ನಿವೃತ್ತರಿಗೂ ಹೊಂದುತ್ತವೆ, ಹಾಗಾಗಿ ಯಾರನ್ನೂ ತೋರಿಸುವುದಿಲ್ಲ. ಕೊನೆಯ ಎರಡರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ, ಎರಡೂ ಒಂದೇ ಗುಣವನ್ನು ಹೇಳುತ್ತವೆ: ಜನರ ಜಮೀನಿನ ಕಾಗದವನ್ನು ಇವರು ತಮ್ಮದೆಂಬಂತೆ ಕಾದರು. ಇದೇ ಭಾಷಣದ ಎಳೆ. ಇದಕ್ಕೆ ಸೇರದ ಟಿಪ್ಪಣಿ ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು. ನಾಲ್ಕು ನಿಮಿಷದ ಮಾತಿಗೆ ಇಂಥ ಎರಡು ಮೂರು ಸಂಗತಿಗಳೇ ಸಾಕು.

ಆಯ್ದದ್ದನ್ನು ಪರಿಶೀಲಿಸಲೂಬೇಕು. ಸೇವೆಗೆ ಸೇರಿದ ವರ್ಷವನ್ನು ಒಬ್ಬರು 1992 ಎಂದು, ಮತ್ತೊಬ್ಬರು 1994 ಎಂದು ಬರೆದಿರುತ್ತಾರೆ. ಸೇವಾ ಪುಸ್ತಕ ನೋಡಿದರೆ ಎರಡು ನಿಮಿಷದ ಕೆಲಸ. ಕಡತ ಹುಡುಕುವಾಗ ಅವರು ಗೊಣಗುತ್ತಿದ್ದ ಮಾತನ್ನು ಅಣಕಿಸಬೇಕೆಂದಿದ್ದರೆ ಮೊದಲೇ ಅವರನ್ನು ಕೇಳಿಬಿಡುವುದು ಒಳ್ಳೆಯದು. ಮುಂದಿನ ಸಾಲಿನಲ್ಲಿ ಹೆಂಡತಿ, ಮಕ್ಕಳು, ಬೀಗರು ಕೂತಿರುತ್ತಾರೆ. ಊಟದ ವಿರಾಮದಲ್ಲಿ ಎಲ್ಲರನ್ನೂ ನಗಿಸಿದ ಮಾತು ಅಲ್ಲಿ ಚುಚ್ಚಬಹುದು.

ಬರೆದುಕೊಟ್ಟವರ ಮಾತು ಬಿಟ್ಟರೆ ಬೇಸರವಾಗದೇ ಎಂದು ಕೇಳಬಹುದು. ಆಗುತ್ತದೆ, ಅದು ನಿಜವಾದ ತೊಡಕು. ಆದರೆ ಎಲ್ಲರನ್ನೂ ಒಲಿಸಲು ಹೊರಟ ಭಾಷಣದಲ್ಲಿ ಹೆಸರುಗಳ ಪಟ್ಟಿಯೇ ದೊಡ್ಡದಾಗಿ, ನಿವೃತ್ತರಾಗುವವರು ಮೂಲೆಗೆ ಸರಿಯುತ್ತಾರೆ. ಆ ಪುಟವನ್ನು ಹಾಗೆಯೇ, ಕೈಬರಹ ಸಮೇತ, ನೆನಪಿನ ಕಾಣಿಕೆಯ ಜೊತೆ ಕೊಟ್ಟರೆ ಯಾರ ಮಾತೂ ಕಳೆದುಹೋಗುವುದಿಲ್ಲ. ನಾಲ್ಕು ಹೊಗಳಿಕೆಯಿಲ್ಲದೆ ಬೀಳ್ಕೊಡುಗೆಯೇ ಎನ್ನುವವರೂ ಇದ್ದಾರೆ. ಆ ಸಂಪ್ರದಾಯವನ್ನು ಪೇಟವೂ ಹಾರವೂ ಚೆನ್ನಾಗಿಯೇ ನಡೆಸಿಕೊಡುತ್ತವೆ. ಮಾತು ಅದನ್ನೇ ಇನ್ನೊಮ್ಮೆ ಮಾಡಬೇಕಿಲ್ಲ.

ಹಾಗಾಗಿ ಮುಂದಿನ ಸಲ ಪುಟ ಹಂಚುವಾಗ ‘ಇವರ ಬಗ್ಗೆ ಬರೆಯಿರಿ’ ಎನ್ನಬೇಡಿ. ‘ಇವರು ಮಾಡಿದ, ನೀವು ಕಣ್ಣಾರೆ ಕಂಡ ಒಂದು ಕೆಲಸ ಬರೆಯಿರಿ’ ಎನ್ನಿ.